ಏಳು ವಾರದ ಮೇಲೆ ಬರೆದ ಜವಾಬು ಕಾರ್ಡು

ನಮ್ಮ ಮನೆಯಲ್ಲಿ ಬಿ.ಎ. ಆಗುವವರು ಹುಟ್ಟುವುದಿಲ್ಲವೆಂದು ಹೇಳಿದವನು ಹಿರಿಯೂರಿನ ನನ್ನ ಸೋದರಮಾವ. "ಲೇ, ನಿಮ್ಮಪ್ಪ ಹೆಬ್ಬೆಟ್ಟು, ನಿಮ್ಮಜ್ಜ ಹೆಬ್ಬೆಟ್ಟು. ನೀನು ಬಿ.ಎ. ಆಗ್ತೀಯಾ? ಆಗಾಕಿಲ್ಲ ಬಿಡು" ಎಂದಿದ್ದ. ಆದೆ. ಎರಡನೆಯ ಸಲಕ್ಕೆ ಆದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಪುಟಗಟ್ಟಲೆ ಇಂಗ್ಲಿಷ್ ಬರೆದು ಮದರಾಸು ಯೂನಿವರ್ಸಿಟಿಯವರನ್ನು ಒಪ್ಪಿಸಿದ ಈ ಮಹಾಶಯನಿಗೆ ಗೆಳೆಯನಿಗೆ ನಾಲ್ಕು ಸಾಲು ಕನ್ನಡ ಬರೆಯಲು ಏಳು ವಾರ ಬೇಕಾದೀತೆಂದು ಮಾವನೂ ಊಹಿಸಿರಲಿಲ್ಲ.

ಗೆಳೆಯ ಶ್ರೀರಾಂಪುರದವನು. ಅವನ ತಾಯಿ ದೂರದ ನೆಂಟಸ್ತಿಕೆಯಲ್ಲಿ ನನಗೆ ದೊಡ್ಡವ್ವ. ದುರ್ಗದ ಹೈಸ್ಕೂಲಿನಲ್ಲಿ ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ದೊಡ್ಡವ್ವ ಕಟ್ಟಿ ಕಳಿಸಿದ ರೊಟ್ಟಿ, ಹುಚ್ಚೆಳ್ಳು ಪುಡಿಯಲ್ಲೇ ನಮ್ಮಿಬ್ಬರ ವಾರ ಕಳೆಯುತ್ತಿತ್ತು. ಅವನು ನಡುವೆಯೇ ಓದು ಬಿಟ್ಟು ನೇಗಿಲು ಹಿಡಿದ. ನಾನು ಪರವೂರಿನ ಕಾಲೇಜಿನಲ್ಲಿ ಓದು ಮುಗಿಸಿ ಬಂದು ದುರ್ಗದ ಕಚೇರಿಯಲ್ಲಿ ಗುಮಾಸ್ತೆಯಾದೆ.

ಅವನು ಕಳಿಸಿದ್ದು ಜವಾಬು ಕಾರ್ಡು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದರಲ್ಲಿ ಅವನ ಮಾತು: "ನಿನ್ನ ಸರ್ಟಿಫಿಕೇಟು ಬಂದಿದೆಯಂತೆ. ಅವ್ವ ನೋಡಬೇಕಂತೆ. ಸೋಮವಾರ ಎತ್ತು ಹೂಡುವುದಿಲ್ಲ, ಯಾವುದಾದರೂ ಸೋಮವಾರ ತೆಗೆದುಕೊಂಡು ಬಾ. ಯಾವ ಸೋಮವಾರ ಅಂತ ಬರಿ." ಇನ್ನೊಂದು ಖಾಲಿ. ಅದಕ್ಕೂ ಅಂಚೆಯ ಕಾಸು ಕೊಟ್ಟು, ತನ್ನ ವಿಳಾಸವನ್ನೂ ತಾನೇ ಬರೆದಿದ್ದ. ನಾನು ಅದನ್ನು ಬಿಡಿಸಿಕೊಂಡು, ಬರೆದು, ಡಬ್ಬಿಗೆ ಹಾಕಬೇಕಿತ್ತು. ಇಷ್ಟು ಕಠಿಣವಾದ ಪ್ರಶ್ನೆ ಮದರಾಸಿನವರೂ ಕೇಳಿರಲಿಲ್ಲ.

ಕಾರ್ಡನ್ನು ನಿಘಂಟಿನೊಳಗೆ ಭದ್ರವಾಗಿ ಇಟ್ಟೆ. ಮೊದಲ ಭಾನುವಾರ ವಕೀಲರೊಬ್ಬರ ಮನೆಯಲ್ಲಿ, ಬಿ.ಎ. ಆದದ್ದಕ್ಕೆ, ನನಗೆ ಊಟ. ಎರಡನೆಯದು ಹೊಳಲ್ಕೆರೆಯಲ್ಲಿ, ಅಡಿಕೆ ವ್ಯಾಪಾರಿಯ ಮನೆಯಲ್ಲಿ, ಸರ್ಟಿಫಿಕೇಟು ಸಮೇತ. ಮೂರನೆಯ ವಾರಕ್ಕೆ, ತಡವಾಯಿತಲ್ಲ, ಚೆನ್ನಾಗಿ ಬರೆಯಬೇಕು ಎನ್ನಿಸಿತು. ಐದನೆಯ ವಾರಕ್ಕೆ ನಾಚಿಕೆಯಾಗಿ ನಿಘಂಟನ್ನೇ ತೆರೆಯಲಿಲ್ಲ.

ಕಚೇರಿಯಲ್ಲಿ ನನ್ನ ಕೆಲಸವೇನೆಂದರೆ ತಡಮಾಡಿದವರಿಂದ ಸಮಜಾಯಿಷಿ ಕೇಳುವುದು! ಏಳನೆಯ ವಾರ ಶ್ರೀರಾಂಪುರದ ಕಡೆಯ ಶಾನುಭೋಗರೊಬ್ಬರು ಲೆಕ್ಕ ತಡವಾದದ್ದಕ್ಕೆ ತಮ್ಮ ಸಮಜಾಯಿಷಿ ತಂದರು. ಜ್ವರ, ಎತ್ತಿನ ಕಾಲುನೋವು, ಮನೆಯಲ್ಲಿ ಶ್ರಾದ್ಧ. ಕೆಂಪು ಮಸಿಯಲ್ಲಿ ಒಂದೊಂದನ್ನೇ ಹೊಡೆದುಹಾಕಿ, "ಇವು ನೆಪಗಳು. ಎರಡು ಸಾಲು ಬರೆಯೋಕೆ ಏನ್ರೀ ಕಷ್ಟ?" ಎಂದು ಗುಡುಗಿದೆ.

ಅವರು ತಲೆ ತಗ್ಗಿಸಿ, "ತಪ್ಪಾಯ್ತು ಸ್ವಾಮಿ. ಅಂದಂಗೆ, ನಮ್ಮ ಕಡೆ ಒಂದು ಮುದುಕಿ ಸೋಮವಾರ ಸೋಮವಾರ ರೊಟ್ಟಿ ತಟ್ಟಿಟ್ಕಂಡು ಕುಂತಿರ್ತಾಳೆ. ಕೇರಿಯೋರೆಲ್ಲ, ನಿಮ್ಮ ಬಿ.ಎ. ಬಂದ್ನೇನವ್ವ ಅಂತ ನಗ್ತಾರೆ. ಆ ಬಿ.ಎ. ತಾವೇ ಅಲ್ವಾ?" ಎಂದರು. ನನ್ನ ಕೈಯಲ್ಲಿ ಕೆಂಪು ಮಸಿ ಇನ್ನೂ ಒಣಗಿರಲಿಲ್ಲ.

ಮನೆಗೆ ಬಂದು ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ 'ಕಚೇರಿಯ ಕೆಲಸದ ಒತ್ತಡದಿಂದ' ಎಂದಿತ್ತು, ಹೊಡೆದೆ. 'ದೇಹಾಲಸ್ಯ' ಎಂದಿತ್ತು, ವಕೀಲರ ಮನೆಯ ಹೋಳಿಗೆಯನ್ನು ನೆನೆದು ಅದನ್ನೂ ಹೊಡೆದೆ. 'ನಾನೆಂಥ ಪಾಪಿ' ಎಂದು ಅರ್ಧ ಹಾಳೆ ಗೋಳಾಡಿದ್ದೆ. ಅದನ್ನು ಓದಿದರೆ ಅವನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಉಳಿದದ್ದು ಕಾರ್ಡಿನಲ್ಲಿ ಸಲೀಸಾಗಿ ಹಿಡಿಸಿತು:

"ನಿನ್ನ ಕಾರ್ಡು ಏಳು ವಾರದ ಹಿಂದೆಯೇ ಬಂತು. ಅವತ್ತೇ ಓದಿದೆ. ಬೇರೆಯವರ ಮನೆಗೆಲ್ಲ ಹೋದೆ. ನೀನು ಹೇಗೂ ಕಾಯುತ್ತೀಯೆಂದು ಬರೆಯದೆ ಬಿಟ್ಟೆ. ಆಮೇಲೆ ನಾಚಿಕೆಯಿಂದ ಬಿಟ್ಟೆ. ತಪ್ಪು ನನ್ನದು. ನನ್ನಿಂದಾಗಿ ದೊಡ್ಡವ್ವ ಕೇರಿಯವರ ಮಾತು ಕೇಳಬೇಕಾಯಿತು, ಅದು ನನಗೆ ಹೆಚ್ಚಿನ ನೋವು. ಇವತ್ತಿಗೂ ಕರೆಯುವ ಮನಸ್ಸಿದ್ದರೆ, ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬರುತ್ತೇನೆ. ಮನಸ್ಸಿಲ್ಲದಿದ್ದರೆ ಅದು ನ್ಯಾಯವೇ. ನಿನ್ನ ಮೇಲೆ ಬೇಸರ ಮಾಡಿಕೊಳ್ಳುವುದಿಲ್ಲ."

ಅಂಚೆ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದುತ್ತಾರೆ. ಓದಲಿ ಎಂದು ಡಬ್ಬಿಗೆ ಹಾಕಿದೆ.

ಉತ್ತರ ಬಂದದ್ದು ಶ್ರೀರಾಂಪುರದ ಕಡೆಯಿಂದ ಬಂದ ಗಾಡಿಯವನ ಬಾಯಲ್ಲಿ. "ಬರ್ಬೇಕಂತ್ರಿ. ಇನ್ನೊಂದು ಕಾರ್ಡು ಹಾಕಿದ್ರೆ ನೀವು ಮತ್ತೆ ಓದ್ಕಂತ ಕುಂತ್ಕಂತೀರಂತೆ, ಅದ್ಕೇ ಬಾಯಾಗೆ ಹೇಳಿ ಕಳ್ಸ್ಯಾರೆ."

ಹೊಸದುರ್ಗದವರೆಗೆ ಗಾಡಿ, ಅಲ್ಲಿಂದ ಇನ್ನೊಂದು ಗಾಡಿ. ಗೆಳೆಯ ಬಾಗಿಲಲ್ಲೇ ನಿಂತಿದ್ದ. "ಏನಪ್ಪ ಬಿ.ಎ., ದಾರಿ ಸಿಕ್ತಾ?"

"ತಡ ಆತು ಕಣೋ."

"ಗೊತ್ತು. ಬರ್ದಿದ್ಯಲ್ಲ. ಟಪಾಲಿನೋನು ಕೇರಿ ತುಂಬ ಓದಿ ಹೇಳ್ದ. ಬಾ ಒಳಗೆ."

ದೊಡ್ಡವ್ವ ಒಲೆಯ ಮುಂದಿದ್ದಳು. ನಾನು ಕಾಲು ಮುಟ್ಟಿ, ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಹಿಡಿದು, ತಿರುಗಿಸಿ ನೋಡಿ, ಅಂಗೈಯಲ್ಲಿ ತೂಗಿದಳು.

"ಇಷ್ಟು ಹಗುರ ಐತಲ್ಲೋ! ಇದನ್ನ ಹೊತ್ಕಂಡು ಬರಾಕೆ ನಿಂಗೆ ಇಷ್ಟು ದಿನ ಬೇಕಾತಾ? ಕೈ ತೊಳ್ಕ ನಡಿ."