ಪಟ್ಟಿಯಲ್ಲಿದ್ದ ನಾಲ್ಕನೆಯ ಸಾಧನ

ಖಾನಾಪುರದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಕೋಣೆಯಿದೆ. ಹಳೆಯ ಮರಾಠಿ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸಿ ಕೊಡುವುದು ನನ್ನ ಕೆಲಸ. ಆಸ್ತಿ ಪಾಲು ಮಾಡಿಕೊಂಡ ವಾಟಣಿ ಪತ್ರ, ಖರೀದಿ ಪತ್ರ, ಯಾರೋ ಅಜ್ಜ ಬರೆಸಿಟ್ಟ ಮೃತ್ಯುಪತ್ರ. ಮನೆ ಬೆಳಗಾವಿಯ ಸದಾಶಿವನಗರದಲ್ಲಿ. ಸ್ಕ್ಯಾನ್ ಮಾಡಿದ ಪ್ರತಿಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿರುತ್ತವೆ. ಖಾನಾಪುರದ ಕೋಣೆಗೆ ಕಬ್ಬಿಣದ ಕಪಾಟೂ ಇಲ್ಲ, ಗಟ್ಟಿ ಬಾಗಿಲೂ ಇಲ್ಲ. ದಿನಾ ಬಸ್ಸಿನಲ್ಲಿ ಪೆನ್‌ಡ್ರೈವ್ ಹೊತ್ತು ತಿರುಗಿ ಸಾಕಾಗಿ, ಒಂದು ದಿನ ನಮ್ಮ ಕಂಪ್ಯೂಟರ್ ದುರಸ್ತಿಯವರನ್ನು ಕರೆಸಿದೆ.

ಅವರು ನನಗಿಂತ ಏಳೆಂಟು ವರ್ಷ ದೊಡ್ಡವರು. ಮನೆಮಾತು ಮರಾಠಿ. ನಾನು ಅವರನ್ನು ದಾದಾ, ಅಂದರೆ ಅಣ್ಣ, ಎಂದೇ ಕರೆಯುತ್ತೇನೆ; ಅವರು ಮರ್ಯಾದೆಗೆ ನನ್ನನ್ನು ಅಕ್ಕಾರ ಎನ್ನುತ್ತಾರೆ. ಇಲ್ಲಿಂದಲೇ ಮನೆಯ ಕಂಪ್ಯೂಟರ್ ತೆರೆಯುವಂತಾಗಬೇಕು, ರೌಟರಿನಲ್ಲಿ ಒಂದು ಪೋರ್ಟ್ ತೆರೆದುಕೊಡಿ ಎಂದೆ. ಯಾರೋ ಹಾಗೆ ಮಾಡಿಸಿಕೊಂಡಿದ್ದರೆಂದು ಕೇಳಿದ್ದೆ.

“ಅದನ್ನ ಮಾಡಂಗಿಲ್ರಿ ಅಕ್ಕಾರ,” ಅಂದರು. “ಒಂದು, ನಿಮ್ಮ ಇಂಟರ್ನೆಟ್ಟಿನವ್ರು ನಿಮಗಂತ ಬ್ಯಾರೆ ವಿಳಾಸ ಕೊಟ್ಟಿಲ್ಲ. ಭಾಳ ಮಂದಿ ಕೂಡಿ ಒಂದ ವಿಳಾಸ ಹಂಚಗೊಂಡಾರ. ಪೋರ್ಟ್ ತೆಗದ್ರೂ ಹೊರಗಿಂದ ಮನಿ ತನ ಬರಾಕ ಆಗೂದಿಲ್ಲ. ಎರಡು, ಬರಾಕ ಆಗತಿದ್ರ ಇನ್ನೂ ಕೆಟ್ಟದು. ಊರಮಂದೆಲ್ಲಾ ಬಂದು ಬಾಗಲಾ ಬಡೀತಾರ.”

ಬದಲಿಗೆ ಮನೆಯ ಕಂಪ್ಯೂಟರ್, ಆಫೀಸಿನ ಲ್ಯಾಪ್‌ಟಾಪ್, ನನ್ನ ಫೋನು, ಮೂರರಲ್ಲೂ ಒಂದು ವಿಪಿಎನ್ ಆ್ಯಪ್ ಹಾಕಿದರು. ಮೂರೂ ಒಂದೇ ಖಾತೆಗೆ ಸೇರಿ, ತಮ್ಮತಮ್ಮೊಳಗೇ ಒಂದು ಖಾಸಗಿ ಜಾಲವಾದವು. ಮನೆಯ ಕಂಪ್ಯೂಟರ್ ತಾನಾಗಿಯೇ ಹೊರಗೆ ಸಂಪರ್ಕ ಮಾಡುವುದರಿಂದ ರೌಟರಿನಲ್ಲಿ ಏನನ್ನೂ ತೆರೆಯಬೇಕಿರಲಿಲ್ಲ. ಖಾತೆ ನನ್ನ ಹೆಸರಿನದೇ. ಆದರೆ ಪಾಸ್‌ವರ್ಡನ್ನು ಅವರೇ ಟೈಪ್ ಮಾಡಿದ್ದರು. “ಆಮ್ಯಾಲ ಬದಲಿ ಮಾಡ್ಕೋರಿ” ಎಂದೂ ಹೇಳಿದ್ದರು. ನಾನು ಮಾಡಲಿಲ್ಲ.

ಕೆಲಸ ಸಲೀಸಾಯಿತು. ಒಮ್ಮೊಮ್ಮೆ ಮಾತ್ರ ಫೈಲು ತೆರೆಯುವುದು ತಡವಾಗುತ್ತಿತ್ತು. ಆಗ ಆ್ಯಪ್ ತೆರೆದು ನೋಡಿದರೆ, ಸಂಪರ್ಕ ನೇರವಾಗಿಲ್ಲ, ರಿಲೇ ಮೂಲಕ ಎಂದು ತೋರಿಸುತ್ತಿತ್ತು. ಜೊತೆಗೆ ದೂರದ ಯಾವುದೋ ಊರಿನ ಹೆಸರು. ನನ್ನ ಕಕ್ಷಿದಾರರ ಕಾಗದಗಳು ಆ ಊರಿಗೆ ಹೋಗಿ ಬರುತ್ತವೆಯೇ?

“ಎರಡೂ ಕಡಿಂದ ನೇರ ದಾರಿ ಸಿಗಲಿಲ್ಲಂದ್ರ ನಡುವ ಒಂದು ಸರ್ವರ್ ಆ ಕಡಿದ್ದು ಈ ಕಡಿ ದಾಟಸತೈತ್ರಿ,” ಎಂದು ದಾದಾ ಬಿಡಿಸಿ ಹೇಳಿದರು. “ಆದ್ರ ಬಿಚ್ಚಿ ಓದಾಕ ಅದಕ್ಕ ಆಗೂದಿಲ್ಲ. ಕೀಲಿ ನಿಮ್ಮ ಎರಡು ಕಂಪ್ಯೂಟರದಾಗ ಅಷ್ಟ ಇರತಾವು. ಯಾರು ಯಾರ ಜೋಡಿ ಮಾತಾಡಿದ್ರು, ಎಷ್ಟು ಮಾತಾಡಿದ್ರು, ಅಷ್ಟ ಗೊತ್ತಾಗತೈತಿ. ಖರೇ ಅಂದ್ರ ನೀವು ಕಾಯಬೇಕಾದ್ದು ರಿಲೇನ ಅಲ್ರಿ, ಖಾತೆನ. ಖಾತೆ ಯಾರ ಕೈಯಾಗ ಐತಿ, ಅವ್ರು ತಮ್ಮ ಮಷೀನನ್ನ ಇದರಾಗ ಸೇರಸಬಹುದು.”

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಮಳೆಗಾಲದಲ್ಲಿ ಜಾಂಬೋಟಿ ಕಡೆಯ ಒಬ್ಬ ರೈತರು ಮೋಡಿ ಎಂಬ ಹಳೆಯ ಮರಾಠಿ ಲಿಪಿಯ ವಾಟಣಿ ಪತ್ರವೊಂದನ್ನು ತಂದರು. ಅವರಿಗೂ ಚಿಕ್ಕಪ್ಪನ ಮಕ್ಕಳಿಗೂ ಗದ್ದೆಯ ವ್ಯಾಜ್ಯ. ಅದರಲ್ಲಿ ಮಸಿ ಹರಡಿದ್ದ ಒಂದು ಸಾಲು ಬಿಡಿಸಲು ನನಗೆ ನಾಲ್ಕು ದಿನ ಹಿಡಿಯಿತು. ಕೊನೆಗೆ ‘ಒಡ್ಡಿನ ಕೆಳಬದಿಯ ಕಾಲುದಾರಿ’ ಎಂದು ಬರೆದು, ರೈತರಿಗೂ ಫೋನಿನಲ್ಲಿ ಓದಿ ಹೇಳಿದೆ. ಅನುವಾದ ಇನ್ನೂ ಕೋರ್ಟಿಗೆ ಹೋಗಿರಲಿಲ್ಲ.

ಮುಂದಿನ ವಾರ ಆ ರೈತರು ಬಂದು ಕುರ್ಚಿಯಲ್ಲೂ ಕೂರದೆ ಹೇಳಿದರು: “ಬಾಯಾರ, ನೀವು ಬರದ ಮಾತು ಆ ಕಡಿ ವಕೀಲರ ಬಾಯಾಗ ಬಂತ್ರಿ. ಒಡ್ಡಿನ ಕೆಳಬದಿ ಕಾಲುದಾರಿ ಅಂತ, ಹಂಗಿಂದ ಹಂಗ. ಹ್ಯಾಂಗ ಗೊತ್ತಾತು ಅವರಿಗೆ?”

ಅವರು ಹೋದ ಕೂಡಲೆ ಆ್ಯಪ್ ತೆರೆದೆ. ಪಟ್ಟಿಯಲ್ಲಿ ಮೂರಿರಬೇಕಾದಲ್ಲಿ ನಾಲ್ಕು ಸಾಧನಗಳಿದ್ದವು. ನಾಲ್ಕನೆಯದರ ಹೆಸರು ಬರೀ ಅಕ್ಷರ, ಅಂಕಿಗಳ ಸರ. ಅದರ ಪಕ್ಕದಲ್ಲಿ ಹಸಿರು ಚುಕ್ಕೆ ಬೆಳಗುತ್ತಿತ್ತು. ಪಾಸ್‌ವರ್ಡ್ ಬಲ್ಲವರು ಇಬ್ಬರೇ, ನಾನು ಮತ್ತು ದಾದಾ.

ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ಆ ನಾಲ್ಕನೆಯದನ್ನು ತೆಗೆದುಹಾಕಲೂ ಇಲ್ಲ. ತೆಗೆದರೆ ಸಾಕ್ಷಿ ಹೋಗುತ್ತದೆ, ಅವರು ಎಚ್ಚರಾಗುತ್ತಾರೆ ಎಂದು ಲೆಕ್ಕ ಹಾಕಿದೆ. ಮನೆಯ ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಪೆನ್‌ಡ್ರೈವ್ ಹಿಡಿದೆ. ಮೂರು ವಾರ ಅವರನ್ನೇ ಗಮನಿಸಿದೆ. ಪ್ರಿಂಟರ್ ನೋಡಲು ಬಂದರೆ ಎದುರಿಗೆ ಕೂತು ಚಹ ಕುಡಿಯುತ್ತ, ಅವರ ಕಣ್ಣು ಯಾವ ಕಾಗದದ ಮೇಲೆ ನಿಲ್ಲುತ್ತದೆಂದು ನೋಡುತ್ತಿದ್ದೆ. ಅವರು ಆ ಕಡೆಯ ವಕೀಲರ ಕಂಪ್ಯೂಟರನ್ನೂ ರಿಪೇರಿ ಮಾಡುತ್ತಾರೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಖಾನಾಪುರದಲ್ಲಿ ಎಲ್ಲ ವಕೀಲರ ಕಂಪ್ಯೂಟರುಗಳನ್ನೂ ಅವರೇ ನೋಡುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿದ್ದ ಸಂಗತಿ. ಆದರೂ ಹಾಗಾಯಿತು.

ಕೊನೆಗೊಂದು ಮಧ್ಯಾಹ್ನ ಅವರ ಅಂಗಡಿಗೇ ಹೋಗಿ ಫೋನನ್ನು ಅವರ ಮುಂದೆ ಹಿಡಿದೆ.

“ದಾದಾ, ಈ ನಾಕನೇದು ಯಾರದು?”

ಅವರು ಪರದೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು. ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ನಿಮ್ಮ ಖಾತೆ ನೀವ ತಗೀರಿ” ಅಂದರು. ಖಾತೆಯ ಪುಟದಲ್ಲಿ ಆ ಸಾಧನ ಸೇರಿದ ದಿನ, ಅದು ಸಂಪರ್ಕ ಮಾಡುತ್ತಿರುವ ವಿಳಾಸ ಎಲ್ಲ ಇದ್ದವು. ಅದರ ಹೊರಗಿನ ವಿಳಾಸವೂ, ಬಂದ್ ಮಾಡುವ ಮೊದಲು ನಮ್ಮ ಮನೆಯ ಕಂಪ್ಯೂಟರಿಗಿದ್ದ ವಿಳಾಸವೂ ಒಂದೇ ಆಗಿತ್ತು.

“ಇದರ ಮ್ಯಾಲ ಪೂರಾ ಹೇಳಾಕ ಬರೂದಿಲ್ಲ. ವಿಳಾಸ ಹಂಚಗೊಂಡವ್ರು ಭಾಳ ಮಂದಿ ಇರತಾರ,” ಅಂದರು. “ಆದ್ರ ಈಗ ಚಾಲೂ ಐತಿ. ಮನ್ಯಾಗ ಯಾರದಾರ?”

ಹಗಲು ಮನೆಯಲ್ಲಿರುವುದು ನನ್ನ ಅತ್ತೆ ಒಬ್ಬರೇ. ಅವರಿಗೆ ಫೋನ್ ಮಾಡಿದೆ.

“ಅತ್ಯಾರ, ಏನ್ ಮಾಡಾಕತ್ತೀರಿ?”

“ಏನಿಲ್ಲ ಯವ್ವಾ, ಆ ಪಾಟಿಯೊಳಗ ಪ್ರವಚನ ಕೇಳಾಕತ್ತೇನಿ.”

ಪಾಟಿ ಎಂದರೆ ನನ್ನ ಹಳೆಯ ಟ್ಯಾಬ್. ಬೇಸಿಗೆಯಲ್ಲಿ ನನ್ನ ಫೋನು ರಿಪೇರಿಗೆ ಹೋದಾಗ ನಾನೇ ಅದರಲ್ಲಿ ಆ್ಯಪ್ ಹಾಕಿ, ನನ್ನ ಖಾತೆಯಿಂದ ಒಳಹೋಗಿ ನಾಲ್ಕು ದಿನ ಬಳಸಿದ್ದೆ. ಸಾಧನ ಸೇರಿದ ದಿನವೂ ಅದೇ ವಾರದ್ದು. ಫೋನು ಬಂದ ಮೇಲೆ ಟ್ಯಾಬನ್ನು ಅತ್ತೆಗೆ ಕೊಟ್ಟಿದ್ದೆ. ಆ್ಯಪ್ ತೆಗೆದಿರಲಿಲ್ಲ. ಆ ಅಕ್ಷರ, ಅಂಕಿಗಳ ಸರ ಟ್ಯಾಬಿನ ಮಾಡೆಲ್ ನಂಬರು.

“ಸ್ವಲ್ಪ ಅದನ್ನ ಪೂರಾ ಬಂದ್ ಮಾಡ್ರಿ ಅತ್ಯಾರ.”

“ಯಾಕ? ಛಲೋ ನಡದಿತ್ತಲ್ಲ!”

ಬಂದ್ ಮಾಡಿದರು. ಇಬ್ಬರೂ ಪರದೆಯನ್ನೇ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು.

ದಾದಾ ಎದ್ದು ಬೆನ್ನು ತಿರುಗಿಸಿ ನಿಂತು, “ಪಾಸ್‌ವರ್ಡ್ ಈಗ ಬದಲಿ ಮಾಡ್ರಿ, ನಾ ನೋಡೂದಿಲ್ಲ,” ಅಂದರು. ಟ್ಯಾಬನ್ನು ಪಟ್ಟಿಯಿಂದ ತೆಗೆಸಿದರು. ಪಾಸ್‌ವರ್ಡಿನ ಜೊತೆಗೆ ನನ್ನ ಫೋನಿನ ಕೋಡನ್ನೂ ಕೇಳುವ ಎರಡನೆಯ ತಪಾಸಣೆಯನ್ನು ಖಾತೆಗೆ ಹಾಕಿಸಿದರು. ಇನ್ನು ಮುಂದೆ ಹೊಸ ಸಾಧನ ಯಾವುದೇ ಬರಲಿ, ನಾನು ಒಪ್ಪಿಗೆ ಕೊಡದೆ ಜಾಲಕ್ಕೆ ಸೇರದಂತೆ ಮಾಡುವುದು ಹೇಗೆಂದು ಹೇಳಿಕೊಟ್ಟರು. ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಕೀಬೋರ್ಡನ್ನು ತಾವು ಮುಟ್ಟಲಿಲ್ಲ.

ಅಷ್ಟಾದರೂ ಸಂಶಯ ಪೂರ್ತಿ ಹೋಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನನ್ನ ಸಾಲು ಆ ವಕೀಲರಿಗೆ ಹೇಗೆ ಸಿಕ್ಕಿತು? ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮೇಲೂ ಅನುಮಾನ ಬರುತ್ತಿತ್ತು.

ಹದಿನೈದು ದಿನದ ಮೇಲೆ ರೈತರು ಬಂದರು. ಈ ಸಲ ಕುರ್ಚಿಯಲ್ಲಿ ಕೂತರು. ಹೆಸರುಗಳು ಸರಿಯಿವೆಯೇ ನೋಡಿ ಎಂದು ನಾನು ಆಗಲೇ ಆ ಸಾಲಿದ್ದ ಎರಡು ಪುಟದ ಕರಡನ್ನು ಅವರ ಫೋನಿಗೆ ಕಳಿಸಿದ್ದೆ. ತಮಗೆ ಕನ್ನಡ ಓದಲು ಬರುವುದಿಲ್ಲವೆಂದು ಅವರು ಅದನ್ನು ಮಗಳಿಗೆ ಕಳಿಸಲು ಹೋಗಿ, ಭಾವಕಿಯವರ, ಅಂದರೆ ದಾಯಾದಿಗಳ, ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದರು. ಚಿಕ್ಕಪ್ಪನ ಮಕ್ಕಳೂ ಆ ಗ್ರೂಪಿನಲ್ಲಿದ್ದರು. “ಮಗಳು ನಿನ್ನೆ ಹೇಳಿದಳ್ರಿ,” ಎಂದು ತಲೆ ತಗ್ಗಿಸಿದರು. ದೂರು ತಂದವರೇ ಮಾತು ಹೊರಗೆ ಬಿಟ್ಟಿರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವತ್ತೇ ದಾದಾ ಅವರ ಅಂಗಡಿಗೆ ಹೋದೆ. ನಡೆದದ್ದನ್ನು ಹೇಳಿ, ತಪ್ಪಾಯಿತು ಎಂದೆ. ಅವರು ಬಿಚ್ಚಿಟ್ಟ ಲ್ಯಾಪ್‌ಟಾಪಿನ ಸ್ಕ್ರೂ ಹುಡುಕುತ್ತಿದ್ದರು.

“ಸಂಶಯ ಪಟ್ಟದ್ದು ತಪ್ಪಲ್ರಿ ಅಕ್ಕಾರ. ನಿಮ್ಮ ಕಡೆ ಮಂದಿ ಕಾಗದ ಅದಾವು, ಪಡಬೇಕು,” ಅಂದರು. “ಆದ್ರ ಮೂರು ವಾರ ನನ್ನ ಮುಂದ ಕುಂತು ಚಾ ಕುಡದ್ರಲ್ಲ. ಆವಾಗ ಒಂದ ಮಾತು ಕೇಳಬೇಕಿತ್ತು.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು, ಅವರ ಜೊತೆ ಆ ಸ್ಕ್ರೂ ಹುಡುಕಿದೆ.