ಎಡಕ್ಕೆ ನಿಂತ ತಾರೀಖುಗಳು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವಗಳಿಲ್ಲವೆಂದು ವಾದಿಸಿ ನಾನು ಮೂರು ಸಲ ಗೆದ್ದಿದ್ದೇನೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ತುಮಕೂರಿನ ಒಂದು ದಾಖಲೆ ಕೋಣೆಯಲ್ಲಿ ನಾನೇ ಕೂಡಿಹಾಕಿದ್ದ ಜನರ ವಿಷಯ ಬೇರೆ.

ಅಲ್ಲಿ ನನ್ನದು ಗುತ್ತಿಗೆ ಕೆಲಸ. ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಜನನ ಮರಣ ರಿಜಿಸ್ಟರುಗಳನ್ನು ನೋಡಿ ಎಕ್ಸೆಲ್ಲಿಗೆ ಹತ್ತಿಸಬೇಕು. ಶಾನುಭೋಗರು ಬರೆದ ಪುಟಗಳು, ಮುಟ್ಟಿದರೆ ಅಂಚು ಉದುರುತ್ತಿತ್ತು. ಮಗುವಿನ ಹೆಸರಿಗೆ ಜಾಗವೇ ಇಲ್ಲ. ಜನನವೋ ಮರಣವೋ, ತಾರೀಖು, ಗಂಡೋ ಹೆಣ್ಣೋ, ತಂದೆಯ ಹೆಸರು, ಊರು, ಅಷ್ಟೆ.

ಟೈಪ್ ಮಾಡಿದ ತಾರೀಖುಗಳು ಎಕ್ಸೆಲ್ಲಿನ ಚೌಕದ ಮನೆಯೊಳಗೆ ಬಲಗೋಡೆಗೆ ಒರಗಿ ನಿಲ್ಲುತ್ತಿದ್ದವು. ಕೆಲವು ಮಾತ್ರ ಎಡಕ್ಕೆ. ಪಕ್ಕದ ಮೇಜಿನ ಹಿರಿಯ ಆಪರೇಟರ್ ಇಣುಕಿ ನೋಡಿ ಹೇಳಿದರು.

"ಎಡಕ್ಕೆ ನಿಂತ್ರೆ ಅದು ತಾರೀಕಲ್ಲ ಕಣೋ, ಬರೀ ಅಕ್ಷರ. ಏನೋ ತಪ್ಪು ಹೊಡ್ದಿದೀಯ."

"ನಾನಾ? ಚಾನ್ಸೇ ಇಲ್ಲ ಅಣ್ಣ. ಶಾನುಭೋಗ್ರು ಬರ್ದಿದ್ದೇ ತಪ್ಪಿರತ್ತೆ."

ಒಂದು ಸೂತ್ರ ಬರೆದೆ. ಯಾವ ಸಾಲಿನ ತಾರೀಖನ್ನು ಎಕ್ಸೆಲ್ ತಾರೀಖೆಂದು ಒಪ್ಪುವುದಿಲ್ಲವೋ ಆ ಸಾಲನ್ನು ಗುರುತಿಸಿ, 'ದೋಷ' ಎಂಬ ಬೇರೆ ಹಾಳೆಗೆ ಸಾಗಿಸಿದೆ. ನೂರಾರು ಸಾಲು ಹೋದವು. ಒಂದನ್ನೂ ತೆರೆದು ನೋಡಲಿಲ್ಲ.

ಆಗ ಕುಣಿಗಲ್ಲಿನಿಂದ ಒಬ್ಬ ಅಜ್ಜಿ ಬಂದರು. ಎಂಬತ್ತೈದು ದಾಟಿದ್ದ ಜೀವ.

"ನಮ್ಮವ್ವ ಗುಬ್ಬಿ ತಾವ ಹುಟ್ಟಿದ್ದು ಕಣಪ್ಪ. ಸಾವಿರದೆಂಟ್ನೂರ ತೊಂಬತ್ತೊಂಬತ್ತು. ಅವ್ರಪ್ಪನ ಹೆಸ್ರು, ಊರು ಈ ಚೀಟೀಲೈತೆ."

"ಈಗ್ಯಾಕಜ್ಜಿ ಅದು?"

"ನಮ್ಮವ್ವನ್ನ ಸಂತೇಲಿ ಸಿಕ್ಕಿದ್ ಮಗು ಅಂತಿದ್ರು. ನನ್ನ ಈಗ್ಲೂ ಸಿಕ್ಕಿದ್ದರ ಮಗ್ಳು ಅಂತಾರೆ. ಸಾಯೋಕ್ ಮುಂಚೆ ಒಂದ್ ಕಾಗ್ದ ತೋರ್ಸಿ ಅವ್ರ ಬಾಯ್ ಮುಚ್ಚಿಸ್ಬೇಕು."

ಆ ಇಸವಿಗೆ ಫಿಲ್ಟರ್ ಹಾಕಿದೆ. ಹಾಳೆ ಖಾಲಿ.

"ಇಲ್ಲ ಅಜ್ಜಿ."

"ಸರ್ಯಾಗ್ ನೋಡಪ್ಪ."

"ಇದ್ದಿದ್ರೆ ಬರ್ತಿತ್ತಲ್ಲ? ಕಂಪ್ಯೂಟರ್‌ಗೆ ನಿಮ್ಮವ್ವನ ಮೇಲೇನು ಹಗೆ?"

"ಹಂಗಾರೆ ಅವ್ರು ಅಂದಿದ್ದೇ ನಿಜ ಅಂತೀಯಾ?"

"ದಾಖಲೆ ಇಲ್ಲ ಅಂತೀನಿ. ಅಷ್ಟೇ."

ವಾದಕ್ಕೆ ಅದು ಸರಿಯಾದ ಉತ್ತರ. 'ದಾಖಲೆ ಲಭ್ಯವಿಲ್ಲ' ಎಂದು ನಾನು ಬರೆದುಕೊಟ್ಟ ಹಿಂಬರಹವನ್ನು ಅಜ್ಜಿ ನಾಲ್ಕಾಗಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ವಾರದ ನಂತರ ಒಂದು ಪುಟ ಟೈಪ್ ಮಾಡುತ್ತಿದ್ದೆ. ಮೇಲಿನ ಸಾಲು ಸಾವಿರದ ಎಂಟುನೂರ ತೊಂಬತ್ತೊಂಬತ್ತರ ಕೊನೆಯ ದಿನ. ಅದು ಎಡಕ್ಕೆ ಹೋಯಿತು. ಕೆಳಗಿನದು ಮಾರನೆಯ ದಿನ, ಸಾವಿರದ ಒಂಬೈನೂರರ ಜನವರಿ ಒಂದು. ಅದು ಬಲಕ್ಕೆ. ಒಂದೇ ಕೈಬರಹ, ಒಂದೇ ಶಾಯಿ. ತಪ್ಪು ಶಾನುಭೋಗರದ್ದಲ್ಲ. ಎಕ್ಸೆಲ್ಲಿನ ದಿನಗಳ ಎಣಿಕೆ ಶುರುವಾಗುವುದೇ ಆ ಜನವರಿ ಒಂದರಿಂದ. ಅದಕ್ಕೂ ಹಿಂದೆ ಹುಟ್ಟಿದವರ ತಾರೀಖು ಅದಕ್ಕೆ ಬರೀ ಅಕ್ಷರ. ಹಾಗಾಗಿ ನನ್ನ ಫಿಲ್ಟರಿಗೂ ಸಿಗುವುದಿಲ್ಲ. ಇಡೀ ಹಿಂದಿನ ಶತಮಾನವನ್ನು ನಾನು 'ದೋಷ'ಕ್ಕೆ ಅಟ್ಟಿದ್ದೆ.

ಆ ಹಾಳೆ ತೆರೆದೆ. ಹೆಸರಿಲ್ಲದ ಮಕ್ಕಳು, ಗಂಡು, ಹೆಣ್ಣು, ಹೆಣ್ಣು, ಗಂಡು, ಎಡಗೋಡೆಗೆ ಅಂಟಿ ನಿಂತಿದ್ದರು. ಮಧ್ಯಾಹ್ನದ ಬಿಸಿಲಿತ್ತು. ನನ್ನ ಕತ್ತಿನ ಹಿಂದೆ ಮಾತ್ರ ತಣ್ಣಗಾಯಿತು.

ಎಲ್ಲವನ್ನೂ ಸರಿಮಾಡಿದೆ. ದಿನ, ತಿಂಗಳು, ಇಸವಿಗಳನ್ನು ಬೇರೆ ಬೇರೆ ಕಾಲಮ್ಮುಗಳಲ್ಲಿ ಬರೀ ಸಂಖ್ಯೆಯಾಗಿ ಹಾಕಿದೆ. ರಿಜಿಸ್ಟರಿನಲ್ಲಿ ಇದ್ದ ಹಾಗೇ ತಾರೀಖನ್ನು ಪಕ್ಕದಲ್ಲಿ ಅಕ್ಷರವಾಗಿ ಉಳಿಸಿದೆ. ಆಮೇಲೆ ಊರು, ತಂದೆಯ ಹೆಸರು, ಇಸವಿ, ತಿಂಗಳು, ದಿನ ಎಂದು ಜೋಡಿಸಿದೆ.

ಅಜ್ಜಿಯ ಅವ್ವ ಸಿಕ್ಕಿದಳು. ಅದೇ ತಂದೆ, ಅದೇ ಊರು, ಹೆಣ್ಣು, ಜನನ.

ಅದರ ಕೆಳಗೇ ಇನ್ನೊಂದು ಸಾಲು ಬಂದು ನಿಂತಿತು. ಅದೇ ತಂದೆ, ಅದೇ ಊರು, ಹೆಣ್ಣು ಶಿಶು, ಒಂಬತ್ತು ದಿನದ ಆಚೆ. ಮರಣ.

ಆ ಮನೆಯಲ್ಲಿ ಹುಟ್ಟಿದ ಮಗು ಹೋಗಿತ್ತು. ಹಾಗಾದರೆ ಬೆಳೆದವಳು ಯಾರು? ಅವಳಿ ಇದ್ದಿರಬಹುದು, ಶಾನುಭೋಗರು ಒಂದನ್ನೇ ಬರೆದಿರಬಹುದು ಎಂದು ವಾದಿಸಿದೆ. ಎದುರು ಪಕ್ಷದಲ್ಲೂ ನಾನೇ ಕೂತಿದ್ದೆ. ಎರಡು ಕಡೆಯೂ ಗೆಲ್ಲಲಿಲ್ಲ.

ಜನನ, ಮರಣ ಎರಡರ ನಕಲಿಗೂ ಸಹಿ ಮಾಡಿಸಿ, ಚೀಲದಲ್ಲಿಟ್ಟುಕೊಂಡು ಕುಣಿಗಲ್ಲಿಗೆ ಹೋದೆ. ಜನನದ್ದನ್ನು ಮಾತ್ರ ಕೊಟ್ಟೆ. ಅಜ್ಜಿ ಓದಿಸಿ ಕೇಳಿದರು. ಸೊಸೆಯ ಕಡೆ ತಿರುಗಿ, "ಕೇಳಿದ್ಯೇನೇ? ನಮ್ಮವ್ವ ಆ ಮನೇಲೇ ಹುಟ್ಟಿದ್ದು ಕಣೇ!" ಎಂದರು. ಆಮೇಲೆ ನನ್ನ ಚೀಲವನ್ನು ನೋಡಿದರು.

"ಇಷ್ಟೇನಾ ಇದ್ದಿದ್ದು?"

"ನೀವು ಕೇಳಿದ್ದು ಇದನ್ನೇ ಅಲ್ವಾ ಅಜ್ಜಿ?"

"ಹೂಂ ಕಣಪ್ಪ. ಸಾಕು ಬುಡು." ಸೆರಗಿನ ಗಂಟು ಬಿಚ್ಚಿ, ನನ್ನ ಹಿಂಬರಹವನ್ನು ನನಗೇ ವಾಪಸ್ ಕೊಟ್ಟರು.

ಆ ಎರಡು ಸಾಲು ಈಗಲೂ ಒಂದರ ಕೆಳಗೊಂದು ಇವೆ. ಒಂದರ ತಾರೀಖಿನಲ್ಲಿ ಇನ್ನೊಂದರದ್ದನ್ನು ಕಳೆ ಎಂದರೆ ಎಕ್ಸೆಲ್ ದೋಷ ಎನ್ನುತ್ತದೆ. ಬೆರಳಿನಲ್ಲಿ ಎಣಿಸಬೇಕು. ನಾನು ಎಣಿಸುತ್ತೇನೆ, ಪ್ರತಿ ಸಲವೂ ಒಂಬತ್ತೇ ಬರುತ್ತದೆ.