ಕಾರ್ಟಿನ ನಂತರ ಓಡಿದ ವಿಡಿಯೊ

ಅಂತರಸನಹಳ್ಳಿಯಲ್ಲಿ ನಾನು ಕೆಲಸಕ್ಕಿರುವ ಕಾರ್ಖಾನೆ ತೆಂಗಿನಕಾಯಿ ತುರಿಯುವ ಸಣ್ಣ ಕರೆಂಟಿನ ಯಂತ್ರಗಳನ್ನು ಮಾಡುತ್ತದೆ. ಅಂಗಡಿಗಳಿಗೆ ಹೋಗುವ ಮಾಲಿನ ಜೊತೆಗೆ ನಮ್ಮದೇ ವೆಬ್‌ಸೈಟಿನಲ್ಲೂ ಅವು ಮಾರಾಟವಾಗುತ್ತವೆ. ಆ ವೆಬ್‌ಸೈಟಿನ ಜವಾಬ್ದಾರಿ ನನ್ನದು. ಪುಟಕ್ಕೆ ಎಷ್ಟು ಜನ ಬಂದರು, ಏನು ನೋಡಿದರು, ಎಷ್ಟು ಜನ ಯಂತ್ರವನ್ನು ಕೊಳ್ಳಲೆಂದು ಕಾರ್ಟಿಗೆ ಹಾಕಿದರು ಎಂದು ದಿನವೂ ನೋಡುವುದೇ ನನ್ನ ಕೆಲಸ.

ಪುಟಕ್ಕೊಂದು ವಿಡಿಯೊ ಬೇಕೆಂದಾಗ ನಾನು ಕರೆತಂದದ್ದು ನನ್ನ ಕಾಲೇಜಿನ ಗೆಳತಿಯನ್ನು. ಅವಳು ಕುಣಿಗಲ್‌ನಲ್ಲಿ ಮದುವೆ ವಿಡಿಯೊ ತೆಗೆಯುತ್ತಿದ್ದಳು. ಮದುವೆಗೆ ಮುಂಚೆ ಜೋಡಿಗಳನ್ನು ಮಾರ್ಕೋನಹಳ್ಳಿ ಡ್ಯಾಮಿನ ಮೇಲೆ ನಿಲ್ಲಿಸಿ ಸಾಕಾಗಿದೆ, ಒಂದು ನೆಟ್ಟಗಿನ ಕೆಲಸ ಕೊಡಿಸೇ ಎಂದು ಕೇಳಿದ್ದಳು. ಮಾಲೀಕರ ಹತ್ತಿರ ನಾನೇ ಹೇಳಿ ಸೇರಿಸಿದೆ.

ಯಂತ್ರ ತೋರಿಸಲು ನಾವು ಆರಿಸಿದ್ದು ಜೋಡಣೆ ವಿಭಾಗದಲ್ಲಿ ಎಲ್ಲರೂ ಅಕ್ಕ ಎನ್ನುವ ಕೆಲಸಗಾರ್ತಿಯನ್ನು. ಚೇಳೂರಿನ ಕಡೆಯವರು, ಗುಬ್ಬಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಕೆಲಸಕ್ಕೆ ಬರುತ್ತಾರೆ. ಕ್ಯಾಮೆರಾ ಮುಂದೆ ಮೊದಲು ನಾಚಿದರು. ಕಾಯಿ ಕೈಗೆ ಬಂದ ಮೇಲೆ ನಮ್ಮನ್ನೇ ಮರೆತರು. ತುರಿದರು, ಯಂತ್ರ ನಿಲ್ಲಿಸಿದರು, ಅಲಗನ್ನು ಕಳಚಿ ನಲ್ಲಿಯ ಕೆಳಗೆ ತೊಳೆದು ಮತ್ತೆ ಕೂರಿಸಿದರು. "ಇಷ್ಟೇ ಕಣ್ರಮ್ಮಾ, ತೊಳಿಯೋಕೆ ಏನೂ ಕಷ್ಟ ಇಲ್ಲ" ಎಂದರು. ಒಂದೂವರೆ ನಿಮಿಷದ ವಿಡಿಯೊ.

ಆ ದಿನಗಳಲ್ಲಿ ಗೆಳತಿಗೆ ಲೆಕ್ಕ ಓದುವುದನ್ನು ಕಲಿಸಿದವಳೂ ನಾನೇ. ಪುಟಕ್ಕೆ ಬಂದವರಲ್ಲಿ ಎಷ್ಟು ಜನ ವಿಡಿಯೊ ಒತ್ತಿದರು ಅನ್ನುವುದು ಒಂದು. ಒತ್ತಿದವರು ಅದರಲ್ಲಿ ಎಷ್ಟು ಭಾಗ ನೋಡಿದರು ಅನ್ನುವುದು ಇನ್ನೊಂದು. ಅಕ್ಕನ ವಿಡಿಯೊವನ್ನು ಅಲಗು ತೊಳೆಯುವ ತನಕ ನೋಡಿದವರು, ಒತ್ತದೇ ಹೋದವರಿಗಿಂತ ಎಷ್ಟೋ ಹೆಚ್ಚಾಗಿ ಕಾರ್ಟಿಗೆ ಹಾಕುತ್ತಿದ್ದರು. ಗೆಳತಿ ಕುಣಿದಾಡಿದಳು.

"ತಡಿಯೇ," ಅಂದೆ. "ಕೊಂಡ್ಕೋಬೇಕು ಅಂತ ಮೊದ್ಲೇ ಮನಸ್ಸಿರೋರೇ ಪೂರ್ತಿ ನೋಡ್ತಾರೆ. ವಿಡಿಯೊದಿಂದಾನೇ ಆಯ್ತು ಅಂತ ಹೆಂಗ್ ಹೇಳ್ತೀಯ? ಬಂದೋರಲ್ಲಿ ಅರ್ಧ ಜನಕ್ಕೆ ವಿಡಿಯೊ ಇರೋ ಪುಟ, ಅರ್ಧ ಜನಕ್ಕೆ ಇಲ್ದಿರೋ ಪುಟ ತೋರಿಸ್ಬೇಕು. ಯಾರಿಗೆ ಯಾವುದು ಅಂತ ನಾವು ಆರಿಸ್ಬಾರ್ದು. ಆಗ ಗೊತ್ತಾಗತ್ತೆ."

ಒಂದು ದಿನ ನಾನೇ ತಪ್ಪು ಮಾಡಿದ್ದೆ. ಕಾರ್ಟಿಗೆ ಹಾಕಿದ ತಕ್ಷಣ ಪಕ್ಕದಲ್ಲಿ ತೆರೆದುಕೊಳ್ಳುವ ಕಾರ್ಟಿನ ಪಟ್ಟಿಯಲ್ಲೂ ಅದೇ ವಿಡಿಯೊ ಇಟ್ಟಿದ್ದೆ. ಅಲ್ಲಿ ಅದು ತಾನಾಗಿಯೇ ಓಡುತ್ತಿತ್ತು. ಕಾರ್ಟಿಗೆ ಹಾಕಿದವರೆಲ್ಲ "ನೋಡಿದವರು" ಎಂದು ದಾಖಲಾದರು. ಅವಳನ್ನು ಪಕ್ಕ ಕೂರಿಸಿಕೊಂಡು ತೋರಿಸಿದ್ದೆ: ನೋಡು, ಇವರು ಮೊದಲು ಕಾರ್ಟಿಗೆ ಹಾಕಿದ್ದಾರೆ, ಆಮೇಲೆ ವಿಡಿಯೊ ಓಡಿದೆ. ಕಾರ್ಟಿಗಿಂತ ಮುಂಚೆ ನೋಡಿದ್ದನ್ನು ಮಾತ್ರ ಎಣಿಸಬೇಕು. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಆ ಪಟ್ಟಿಯಿಂದ ವಿಡಿಯೊ ತೆಗೆದೆ.

ಅರ್ಧ ಅರ್ಧದ ಪರೀಕ್ಷೆ ಶುರು ಮಾಡುವ ಮುಂಚೆ ಗುಬ್ಬಿಯಲ್ಲಿ ಅಮ್ಮ ಬಿದ್ದು ಕಾಲು ಮುರಿದುಕೊಂಡರು. ಒಂದು ತಿಂಗಳು ರಜೆ ಹಾಕಿದೆ. ಪಾಸ್‌ವರ್ಡನ್ನು ಗೆಳತಿಗೆ ಕೊಟ್ಟೆ. "ನೀನು ಅಮ್ಮನ್ನ ನೋಡ್ಕೊ, ನಾನಿದೀನಿ ಕಣೇ" ಅಂದಳು. ಆ ಮಾತಿಗೆ ನನಗೆ ಕಣ್ಣು ತುಂಬಿತ್ತು.

ವಾಪಸು ಬಂದಾಗ ಪುಟದಲ್ಲಿ ಅಕ್ಕ ಇರಲಿಲ್ಲ. ಬಿಳಿ ಅಡುಗೆಮನೆ, ಬೆಂಗಳೂರಿನಿಂದ ಕರೆಸಿದ ನಗುಮುಖದ ಹುಡುಗಿ, ಹಿನ್ನೆಲೆಗೆ ಸಂಗೀತ. ಕಾಯಿ ತುರಿಯುವುದು ಎರಡು ಸಲ ಕಂಡಿತು, ತೊಳೆಯುವುದು ಎಲ್ಲೂ ಇಲ್ಲ. ಗೆಳತಿಗೆ ವಿಡಿಯೊ ವಿಭಾಗವೇ ಸಿಕ್ಕಿತ್ತು, ಕೂರಲು ಬೇರೆ ಕೋಣೆ.

ಮಾಲೀಕರು ಖುಷಿಯಲ್ಲಿದ್ದರು. "ನೋಡಮ್ಮ, ಹೊಸದನ್ನ ಪೂರ್ತಿ ನೋಡಿದೋರಲ್ಲಿ ಮುಕ್ಕಾಲು ಪಾಲು ಕಾರ್ಟಿಗೆ ಹಾಕ್ತಾವ್ರೆ. ಹಳೇದ್ರಲ್ಲಿ ಎಲ್ಲಿತ್ತು?"

ನಾನು ನಕ್ಕು ಹೊರಗೆ ಬಂದೆ. ಊಟದ ಹೊತ್ತಿಗೆ ಅಕ್ಕನ ಪಕ್ಕ ಕೂರಲು ಹೋದರೆ ಅವರು ಡಬ್ಬಿ ಮುಚ್ಚಿ ಎದ್ದರು.

"ಏನಾಯ್ತಕ್ಕ?"

"ಏನೂ ಇಲ್ಲ ಬುಡಿ ಮೇಡಂ. ನನ್ ಕೈ ನೋಡಿದ್ರೆ ಜನ ವಸ್ತು ತಗೊಳಲ್ಲ ಅಂತ ನಿಮ್ ಲೆಕ್ಕದಾಗೇ ಬಂದದಂತಲ್ಲ. ನೀವೇ ಹೇಳ್ಬೋದಿತ್ತು. ಆ ವಿಡಿಯೊ ಮೇಡಂ ಕೈಲಿ ಯಾಕ್ ಹೇಳ್ಸುದ್ರಿ?"

ಅವರ ಕೈಮೇಲೆ ಹಳೆಯ ಸುಟ್ಟ ಕಲೆಗಳಿವೆ. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡೇ ಮಾತಾಡಿದರು. ನಾನು ಬಾಯಿ ತೆರೆಯುವ ಮೊದಲೇ ಹೊರಟುಹೋದರು. ಅಂಥ ಲೆಕ್ಕವನ್ನು ನಾನು ಮಾಡಿರಲೇ ಇಲ್ಲ.

ಮೇಜಿಗೆ ಹೋಗಿ ಅಂಕಿಗಳನ್ನು ತೆರೆದೆ. ಮೊದಲ ಅನುಮಾನ ಬಂದದ್ದು ಒಂದು ಸರಳ ವಿಷಯದಿಂದ. ನೋಡಿದವರು ಅಷ್ಟೊಂದು ಕಾರ್ಟಿಗೆ ಹಾಕುತ್ತಿದ್ದರೆ, ಪುಟಕ್ಕೆ ಬಂದ ಒಟ್ಟು ಜನರಲ್ಲೂ ಹಾಕುವವರು ಹೆಚ್ಚಾಗಬೇಕಿತ್ತು. ಆಗಿರಲಿಲ್ಲ, ಸ್ವಲ್ಪ ಇಳಿದೇ ಇತ್ತು. ಒಬ್ಬೊಬ್ಬರೇ ಗ್ರಾಹಕರು ಏನೇನು ಮಾಡಿದರೆಂದು ಸಮಯದ ಪ್ರಕಾರ ಸಾಲಾಗಿ ಇಟ್ಟೆ. ಪುಟ ತೆರೆದರು. ಕಾರ್ಟಿಗೆ ಹಾಕಿದರು. ಆಮೇಲೆ ವಿಡಿಯೊ ಓಡಿತು. ಮುಂದಿನವರೂ ಹಾಗೆಯೇ, ಅವರ ಮುಂದಿನವರೂ ಹಾಗೆಯೇ. ನಾನು ವಿಡಿಯೊ ತೆಗೆದುಹಾಕಿದ್ದ ಆ ಕಾರ್ಟಿನ ಪಟ್ಟಿಯೊಳಗೆ ಈಗ ಹೊಸ ವಿಡಿಯೊ ಬಂದು ಕೂತಿತ್ತು. ಪಟ್ಟಿ ತೆರೆದೊಡನೆ ತಾನಾಗಿಯೇ ಕೊನೆಯ ತನಕ ಓಡಿ, "ಪೂರ್ತಿ ನೋಡಿದರು" ಎಂದು ಬರೆದುಕೊಳ್ಳುತ್ತಿತ್ತು.

ಗೊತ್ತಿಲ್ಲದೆ ಆದ ತಪ್ಪು ಎಂದುಕೊಳ್ಳಲು ಮನಸ್ಸು ಬಹಳ ಹೆಣಗಿತು. ಆದರೆ ಆ ತಪ್ಪನ್ನು ಅವಳಿಗೆ ತೋರಿಸಿದವಳು ನಾನು.

ಅವಳ ಕೋಣೆಗೆ ಹೋಗಿ ಬಾಗಿಲು ಹಾಕಿದೆ. "ಕಾರ್ಟಿನ ಪಟ್ಟಿಲಿ ವಿಡಿಯೊ ಇಟ್ಟಿದ್ದು ಬೇಕಂತಾನೇನಾ?"

ಅವಳು ಪರದೆ ನೋಡಿದಳು, ನನ್ನನ್ನು ನೋಡಲಿಲ್ಲ. "ವಿಡಿಯೊ ಓಡಿದ್ದು ಸುಳ್ಳಾ? ಓಡೈತೆ ತಾನೆ. ನಾನೇನ್ ಅಂಕಿ ತಿದ್ದಿದ್ನಾ?"

"ಅಕ್ಕಂಗೆ ನನ್ ಹೆಸರು ಯಾಕ್ ಹೇಳ್ದೆ?"

"ಇನ್ನೇನ್ ಮಾಡ್ಲಿ? ನಾನ್ ಹೇಳಿದ್ರೆ ಅವ್ರು ಜಗಳ ಆಡ್ತಿದ್ರು. ನಿನ್ ಮಾತಂದ್ರೆ ಕೇಳ್ತಾರೆ. ಸಾರ್ ಕೂಡ ಅಷ್ಟೇ, ನೀನ್ ನೋಡಿ ಒಪ್ಪಿದೀಯ ಅಂದ್ಮೇಲೇ ನಂಬಿದ್ದು. ಒಂದ್ಸಲ ನಂಗೂ ಒಳ್ಳೇದಾಗ್ಲಿ ಬುಡೇ."

ನನ್ನ ಮಾತಿಗಿದ್ದ ಬೆಲೆಯನ್ನು ಅವಳು ಹೀಗೆ ಬಳಸಿದ್ದಳು. ಪಾಸ್‌ವರ್ಡ್ ಕೊಟ್ಟದ್ದು ನೆನಪಾಯಿತು. ಬಾಗಿಲು ತೆಗೆದು ಹೊರಗೆ ಬಂದೆ.

ಮಾಲೀಕರಿಗೆ ಆ ಸಾಲುಗಳನ್ನು ತೋರಿಸಿ, ಪಟ್ಟಿಯಿಂದ ವಿಡಿಯೊ ತೆಗೆದು, ಮೂರು ಪಾಲಿನ ಪರೀಕ್ಷೆಗೆ ಅನುಮತಿ ಕೇಳಿದೆ. ವಿಡಿಯೊ ಇಲ್ಲದ ಪುಟ, ಹೊಸದಿರುವ ಪುಟ, ಅಕ್ಕನದಿರುವ ಪುಟ. ಬಂದವರಿಗೆ ಯಾವುದು ಸಿಗುತ್ತದೋ ಅದು. ಈ ಸಲ ನೋಡಿದವರನ್ನಷ್ಟೇ ಹೆಕ್ಕದೆ, ಆಯಾ ಪುಟಕ್ಕೆ ಬಂದವರೆಲ್ಲರನ್ನೂ ಎಣಿಸಿದೆ. ನಮಗೆ ಬರುವ ಜನ ಕಡಿಮೆ, ಎರಡು ತಿಂಗಳು ಕಾಯಬೇಕಾಯಿತು. ಹೊಸ ವಿಡಿಯೊದ ಪುಟಕ್ಕೂ ವಿಡಿಯೊ ಇಲ್ಲದ ಪುಟಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅಕ್ಕನ ಪುಟ ಎರಡಕ್ಕಿಂತ ಸ್ಪಷ್ಟವಾಗಿ ಮುಂದಿತ್ತು. ನಾನು ಅಂದುಕೊಂಡಷ್ಟು ಅಲ್ಲ, ಆದರೂ ಮುಂದೆ.

ಮಾಲೀಕರು ಅಕ್ಕನ ವಿಡಿಯೊವನ್ನು ವಾಪಸು ಹಾಕಿಸಿದರು. ಗೆಳತಿಗೆ ಏನೂ ಅನ್ನಲಿಲ್ಲ. "ಇಬ್ರೂ ಹೊಂದ್ಕೊಂಡು ಹೋಗ್ರಮ್ಮ, ಕಾರ್ಖಾನೆಗೆ ಒಳ್ಳೇದಾಯ್ತಲ್ಲ" ಎಂದರು. ಅದೂ ಒಂದು ಏಟೇ.

ಬರೀ ಬಾಯಿಮಾತಲ್ಲಿ ಹೇಳಿದರೆ ಅಕ್ಕ ನಂಬುವುದಿಲ್ಲವೆಂದು ಅಷ್ಟು ದಿನ ಕಾದಿದ್ದೆ. ಈಗ ಜೋಡಣೆ ವಿಭಾಗಕ್ಕೆ ಹೋದೆ. ಫಲಿತಾಂಶ ಹೇಳಿದೆ, ಆ ಮಾತು ನನ್ನದಲ್ಲ ಎಂದೂ ಹೇಳಿದೆ. ಅವರು ಸ್ಕ್ರೂ ಬಿಗಿಯುತ್ತಲೇ ಕೇಳಿದರು.

"ಹಾಕ್ಕೊಳಿ ಮೇಡಂ. ಆದ್ರೆ ಇನ್ನೊಂದ್ಸಲ ಕ್ಯಾಮೆರಾ ಮುಂದೆ ನಿಲ್ಲಾಕಿಲ್ಲ." ಬಿಗಿದ ಯಂತ್ರವನ್ನು ಪಕ್ಕಕ್ಕಿಟ್ಟು, "ಎರಡ್ ತಿಂಗ್ಳು ನಿಮ್ಮನ್ನ ಮನಸ್ಸಲ್ಲೇ ಬೈಕೊಂಡಿವ್ನಿ" ಎಂದು ಪಕ್ಕದ ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಗೆಳತಿ ಆ ವರ್ಷವೇ ಬೇರೆ ಕಡೆ ಕೆಲಸಕ್ಕೆ ಸೇರಿದಳು. ಹೋದ ಮೇಲೆ ಒಮ್ಮೆ ಸಂದೇಶ ಬಂತು: "ಇಲ್ಲೂ ವಿಡಿಯೊ ಪರೀಕ್ಷೆ ಮಾಡ್ಬೇಕಂತೆ ಕಣೇ. ಜನರನ್ನ ಪಾಲು ಮಾಡೋದು ಹೆಂಗೆ ಅಂತ ಇನ್ನೊಂದ್ಸಲ ಹೇಳ್ಕೊಡ್ತೀಯಾ?"

ಉತ್ತರವನ್ನು ಅರ್ಧ ಬರೆದು ಅಳಿಸಿದೆ. ಆಮೇಲೆ ಬರೆಯಲಿಲ್ಲ.